ರ ಅಕ್ಷರದೊಳಗಿನ ಒಂದು ಚುಕ್ಕೆ

ಹಳೆಯ ಸಿನಿಮಾ ಪೋಸ್ಟರೊಂದು ಸ್ಕ್ಯಾನ್ ಆಗಿ ಕಂಪ್ಯೂಟರ್ ಪರದೆಗೆ ಬಂದಿದೆ ಎಂದಿಟ್ಟುಕೊಳ್ಳೋಣ. ಚಿತ್ರ 1954ರ ‘ಬೇಡರ ಕಣ್ಣಪ್ಪ’, ರಾಜ್‌ಕುಮಾರ್ ನಾಯಕರಾಗಿ ಕಾಣಿಸಿಕೊಂಡ ಮೊದಲ ಸಿನಿಮಾ. ಕಲಾವಿದ ಬ್ರಷ್ಷಿನಿಂದ ಬರೆದ ಕೆಂಪು ಶೀರ್ಷಿಕೆ ಬಿಸಿಲಿಗೆ ಮಾಸಿ ತಿಳಿಗುಲಾಬಿಯಾಗಿದೆ. ಕಾಗದ ಹಳದಿಗೆ ತಿರುಗಿದೆ. ನಾಲ್ಕಾಗಿ ಮಡಚಿಟ್ಟಿದ್ದರಿಂದ ಒಂದು ಬಿಳಿಗೆರೆ ‘ಪ್ಪ’ದ ತಲೆಯನ್ನೇ ಸವೆಸಿಬಿಟ್ಟಿದೆ.

ಇದಕ್ಕೆ ಸುಲಭದ ದಾರಿಯೊಂದಿದೆ: ಹೋಲುವ ಫಾಂಟ್ ಹುಡುಕಿ ಶೀರ್ಷಿಕೆಯನ್ನು ಮತ್ತೆ ಟೈಪ್ ಮಾಡುವುದು. ಆದರೆ ಫಾಂಟಿನಲ್ಲಿ ‘ಕ’ ಎಲ್ಲಿ ಬಂದರೂ ಒಂದೇ ಥರ. ಕೈಬರಹದಲ್ಲಿ ಹಾಗಲ್ಲ. ಪಕ್ಕದಲ್ಲಿ ಜಾಗ ಕಡಿಮೆಯಿದ್ದರೆ ಪೇಂಟರ್ ಅಕ್ಷರವನ್ನು ಕೊಂಚ ಹಿಂಡುತ್ತಾನೆ, ಕೆಳಗಿನ ಒತ್ತಕ್ಷರಕ್ಕೆ ದಾರಿ ಬಿಡಲು ಮೇಲಿನದನ್ನು ಎತ್ತುತ್ತಾನೆ. ಟೈಪ್ ಮಾಡಿದ ಶೀರ್ಷಿಕೆ ಅಚ್ಚುಕಟ್ಟಾಗಿರುತ್ತದೆ, ಆದರೆ ಅದು ಆ ಪೋಸ್ಟರಿನದಲ್ಲ. ಆದ್ದರಿಂದ ಉಳಿದ ಬಣ್ಣದ ಮೇಲೆಯೇ ಅಕ್ಷರದ ಆಕಾರವನ್ನು ಹೊಸದಾಗಿ ಎಳೆಯಬೇಕು.

ಮೊದಲ ಕೆಲಸ, ಮಾಸಿದ್ದನ್ನು ಕಾಣುವಂತೆ ಮಾಡುವುದು. ಬಣ್ಣದ ಸ್ಕ್ಯಾನ್ ನಿಜಕ್ಕೂ ಕೆಂಪು, ಹಸಿರು, ನೀಲಿ ಎಂಬ ಮೂರು ಪದರಗಳ ಚಿತ್ರ. ಒಂದೊಂದನ್ನೂ ಬೇರ್ಪಡಿಸಿ ಕಪ್ಪುಬಿಳುಪಿನಲ್ಲಿ ನೋಡಬಹುದು. ಕೆಂಪು ಶಾಯಿ ಹಸಿರು ಬೆಳಕನ್ನು ಹೀರುವುದರಿಂದ ಹಸಿರು ಪದರದಲ್ಲಿ ಅಕ್ಷರ ಗಾಢವಾಗಿಯೂ ಕಾಗದ ತಿಳಿಯಾಗಿಯೂ ಕಾಣುತ್ತದೆ. ನೀಲಿ ಪದರದಲ್ಲಿ ಹಳದಿ ಕಾಗದವೂ ಕಪ್ಪಾಗಿ ಅಕ್ಷರ ಹೂತುಹೋಗುತ್ತದೆ. ಕೆಂಪು ಪದರದಲ್ಲಿ ಕೆಂಪು ಶಾಯಿ ಬಹುತೇಕ ಮಾಯವಾಗುತ್ತದೆ. ಈ ಮಾಯವಾಗುವಿಕೆಯೇ ಬಹಳ ಉಪಯೋಗಕ್ಕೆ ಬರುತ್ತದೆ.

ಕನ್ನಡದಲ್ಲಿ ‘ರ’ದ ಹೊಟ್ಟೆಯೊಳಗೆ ಒಂದು ಚುಕ್ಕೆ ಬಿದ್ದರೆ ಅದು ‘ಠ’. ‘ಡ’ದ ಬುಡಕ್ಕೆ ಒಂದು ಸಣ್ಣ ಗೀಟು ಸೇರಿದರೆ ‘ಢ’. ಎಪ್ಪತ್ತು ವರ್ಷದ ಕಾಗದದಲ್ಲಿ ಇಂಥ ಚುಕ್ಕೆ, ಗೀಟುಗಳಿಗೆ ಬರವಿಲ್ಲ. ಶೀರ್ಷಿಕೆ ಎಲ್ಲರಿಗೂ ಗೊತ್ತಿರುವುದರಿಂದ ಅಲ್ಲಿ ಮೋಸಹೋಗುವುದಿಲ್ಲ. ಆದರೆ ಪೋಸ್ಟರಿನ ಕೆಳಗಿನ ಸಣ್ಣಕ್ಷರದ ಹೆಸರುಗಳಲ್ಲಿ ಹೋಗಬಹುದು. ಆಗ ಕೆಂಪು ಪದರ ನೋಡಬೇಕು. ಅಕ್ಷರ ಮಾಯವಾಗಿ ಚುಕ್ಕೆ ಕಪ್ಪಾಗಿಯೇ ಉಳಿದರೆ ಅದು ಕೊಳೆ. ಅಕ್ಷರದ ಜೊತೆ ಚುಕ್ಕೆಯೂ ಮಾಯವಾದರೆ ಅದು ಅಕ್ಷರದ್ದೇ ಶಾಯಿ ಇರಬಹುದು, ಹಾಗಾಗಿ ಅಳಿಸುವ ಮೊದಲು ಚಿತ್ರದ ಹಾಡಿನ ಪುಸ್ತಕವನ್ನೋ ಹಳೆಯ ಜಾಹೀರಾತನ್ನೋ ನೋಡುವುದು ಲೇಸು.

ಮುಂದಿನದು ಎಳೆಯುವ ಕೆಲಸ. ಇಂಕ್‌ಸ್ಕೇಪ್‌ನಂಥ ತಂತ್ರಾಂಶದಲ್ಲಿ ಬಿಂದುಗಳನ್ನಿಟ್ಟು ಅವುಗಳ ನಡುವೆ ಬಾಗುಗೆರೆ ಕೂರಿಸುತ್ತಾರೆ. ತಾನಾಗಿಯೇ ಗೆರೆ ಎಳೆದುಕೊಡುವ ಸೌಲಭ್ಯವೂ ಅಲ್ಲಿದೆ. ಆದರೆ ಅದಕ್ಕೆ ಶಾಯಿಗೂ ಕಲೆಗೂ ವ್ಯತ್ಯಾಸ ತಿಳಿಯದು. ಮುದ್ರಣದ ಒಂದೊಂದು ಚುಕ್ಕಿಯ ಅಂಚನ್ನೂ ಹಿಡಿದು ನೂರಾರು ಬಿಂದು ಸುರಿಯುತ್ತದೆ, ಅಕ್ಷರ ಇಲಿ ಕಡಿದ ರೊಟ್ಟಿಯಂತಾಗುತ್ತದೆ. ಕೈಯಲ್ಲಿ ಎಳೆದರೆ ‘ರ’ಕ್ಕೆ ಹದಿನೈದಿಪ್ಪತ್ತು ಬಿಂದು ಸಾಕು. ದುಂಡು ಎಲ್ಲಿ ಅತಿ ಎಡಕ್ಕೆ, ಎಲ್ಲಿ ಅತಿ ಮೇಲಕ್ಕೆ ಹೋಗಿ ತಿರುಗುತ್ತದೋ ಅಲ್ಲಿ ಮಾತ್ರ ಬಿಂದು ಇಟ್ಟರೆ ಗೆರೆ ಬ್ರಷ್ಷಿನಷ್ಟೇ ಸರಾಗವಾಗಿ ಹರಿಯುತ್ತದೆ. ಅಂಚು ಮಸುಕಾಗಿದ್ದರೆ ಸ್ಕ್ಯಾನಿನ ಪ್ರತಿಯನ್ನು ತುಸು ಮಂದ ಮಾಡಿ, ಗಾಢ ತಿಳಿಯಾಗುವ ಪಟ್ಟಿಯ ನಡುಮಧ್ಯದಲ್ಲಿ ಗೆರೆ ಎಳೆಯಬೇಕು. ಹೊರಅಂಚಿನಲ್ಲಿ ಎಳೆದರೆ ಎಲ್ಲ ಅಕ್ಷರಗಳೂ ಊದಿಕೊಳ್ಳುತ್ತವೆ.

ಇನ್ನು ಸವೆದುಹೋದ ‘ಪ್ಪ’ದ ತಲೆಕಟ್ಟು. ಇದೇ ಶೀರ್ಷಿಕೆಯಲ್ಲಿ ಡ, ರ, ಕ ಮೂರಕ್ಕೂ ತಲೆಕಟ್ಟಿದೆ, ಮೂರೂ ಉಳಿದಿವೆ. ಅವುಗಳನ್ನು ಒಂದರ ಮೇಲೊಂದಿಟ್ಟು ನೋಡಿದರೆ ಪೇಂಟರನ ಕೈ ಗೊತ್ತಾಗುತ್ತದೆ: ಗೆರೆ ಎಷ್ಟು ಓರೆ, ತುದಿಯಲ್ಲಿ ಎಷ್ಟು ದಪ್ಪ, ಬ್ರಷ್ ಎತ್ತಿದ ಕಡೆ ಮೊನಚೋ ಮೊಂಡೋ. ‘ಕ’ದ ತಲೆಯನ್ನೇ ಕತ್ತರಿಸಿ ಅಂಟಿಸಿದರೆ ಜೋಡಿ ಕೂಡಲೇ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಮೂರರ ಅಳತೆಯ ನಡುವೆ ಬರುವಂತೆ, ಮಡಿಕೆಯ ಪಕ್ಕದಲ್ಲಿ ಉಳಿದ ಶಾಯಿಯ ಚೂರುಗಳನ್ನು ಮುಟ್ಟುವಂತೆ ಹೊಸದೊಂದನ್ನು ಬರೆಯುತ್ತಾರೆ. ಅದನ್ನು ಬೇರೆಯದೇ ಲೇಯರಿನಲ್ಲಿ, ಕೆಲಸ ಮುಗಿಯುವವರೆಗೆ ಹಸಿರು ಬಣ್ಣದಲ್ಲಿ ಇಡುವುದು ಒಳ್ಳೆಯ ರೂಢಿ. ಎಷ್ಟು ಊಹೆ, ಎಷ್ಟು ಮೂಲ ಎಂಬುದು ಮುಂದೆ ಫೈಲ್ ತೆರೆಯುವವರಿಗೂ ಕಾಣುತ್ತದೆ.

ಎಳೆದದ್ದು ಸರಿಯೇ ಎಂದು ನೋಡಲು ಹೊಸ ಅಕ್ಷರಗಳನ್ನು ಅರೆಪಾರದರ್ಶಕ ಮಾಡಿ ಸ್ಕ್ಯಾನಿನ ಮೇಲಿಡುತ್ತಾರೆ, ಆಮೇಲೆ ಇಡೀ ಚಿತ್ರವನ್ನು ತಲೆಕೆಳಗು ಮಾಡುತ್ತಾರೆ. ಓದು ನಿಂತಾಗ ಗೆರೆಯ ಗಂಟು, ಉಬ್ಬು ತಾನಾಗಿ ಎದ್ದು ಕಾಣುತ್ತದೆ. ತುಂಬಬೇಕಾದ ಕೆಂಪನ್ನು ಶೀರ್ಷಿಕೆಯ ನಡುವಿನಿಂದ ತೆಗೆಯುವಂತಿಲ್ಲ, ಅದು ಬಿಸಿಲು ಉಳಿಸಿದ ಕೆಂಪು. ಚೌಕಟ್ಟಿನಡಿಯೋ ಮಡಿಕೆಯೊಳಗೋ ಬೆಳಕು ತಾಗದೆ ಉಳಿದ ಅಂಚಿನಲ್ಲಿ ಅದೇ ಶಾಯಿಯ ಚೂರೊಂದು ಸಿಕ್ಕಿದರೆ, ಅಲ್ಲಿಂದ ಬಣ್ಣ ಎತ್ತಿ ‘ಬೇ’ಯಿಂದ ‘ಪ್ಪ’ದವರೆಗೆ ತುಂಬುತ್ತಾರೆ.