ರಜೆ ತಿಳಿಯದ ಗಡಿಯಾರ

ಅಂಗಡಿಗಳ ಮಾರಾಟದ ಲೆಕ್ಕ ದಿನವೂ ನಿಗದಿತ ಹೊತ್ತಿಗೆ ಕೇಂದ್ರ ಕಚೇರಿಯ ಕಂಪ್ಯೂಟರಿಗೆ ತಾನಾಗಿಯೇ ಹೋಗಿ ಸೇರುವ ವ್ಯವಸ್ಥೆಗೆ ಸಿಂಕ್ ಎನ್ನುತ್ತಾರೆ. ಇದನ್ನು ನಡೆಸುವ ಗಡಿಯಾರಕ್ಕೆ ವಾರ, ತಾರೀಖು, ಗಂಟೆಗಳಷ್ಟೇ ಗೊತ್ತು, ಹಬ್ಬ ಗೊತ್ತಿಲ್ಲ. ಆ ಕೊರತೆ ತುಂಬುವುದು ವ್ಯವಹಾರದ ಕ್ಯಾಲೆಂಡರ್, ಅಂದರೆ ಯಾವ ಊರಿನ ಕಚೇರಿಗೆ ಯಾವ ದಿನ ಕೆಲಸ, ಯಾವ ದಿನ ರಜೆ ಎಂದು ಹೇಳುವ ಪಟ್ಟಿ. ನಿಗದಿತ ಹೊತ್ತಿಗೆ ಎಚ್ಚರವಾಗುವ ಪ್ರೋಗ್ರಾಂ ಮೊದಲು ಈ ಪಟ್ಟಿಯನ್ನು ನೋಡಿ, ರಜೆಯಿದ್ದರೆ ಕಾರಣ ಬರೆದಿಟ್ಟು ಸುಮ್ಮನಾಗುತ್ತದೆ. ಕಾರಣ ಬರೆದಿಡಲೇಬೇಕು. ಇಲ್ಲವಾದರೆ ಸಿಂಕ್ ಹಬ್ಬಕ್ಕೆ ನಿಂತಿತೋ ಕೆಟ್ಟು ನಿಂತಿತೋ ಮರುದಿನ ತಿಳಿಯುವುದಿಲ್ಲ.

ತೊಡಕು ಎಲ್ಲಿದೆ ಎಂಬುದನ್ನು 2024ರ ದೀಪಾವಳಿ ಚೆನ್ನಾಗಿ ತೋರಿಸುತ್ತದೆ. ಆ ವರ್ಷ ಕರ್ನಾಟಕದಲ್ಲಿ ಅಕ್ಟೋಬರ್ 31ರ ಗುರುವಾರ ನರಕ ಚತುರ್ದಶಿ, ನವೆಂಬರ್ 1 ರಾಜ್ಯೋತ್ಸವ, 2 ಬಲಿಪಾಡ್ಯಮಿ, 3 ಭಾನುವಾರ: ಸಾಲಾಗಿ ನಾಲ್ಕು ದಿನ ರಜೆ. ಕೇರಳದಲ್ಲಿ 31ಕ್ಕೆ ಮಾತ್ರ ದೀಪಾವಳಿ ರಜೆ, ನವೆಂಬರ್ 1 ಎಂದಿನಂತೆ ಕೆಲಸದ ದಿನ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ, ಕೊಚ್ಚಿಯಲ್ಲೊಂದು ಶಾಖೆ ಇರುವ ಜವಳಿ ವ್ಯಾಪಾರ ಸಂಸ್ಥೆಯೊಂದನ್ನು ಊಹಿಸಿಕೊಳ್ಳಬಹುದು. ರಾತ್ರಿ 9ಕ್ಕೆ ಸಿಂಕ್. ಕಚೇರಿಗೆ ರಜೆಯಾದರೂ ಬಟ್ಟೆ ಅಂಗಡಿಗಳು ಹಬ್ಬದ ದಿನವೇ ಹೆಚ್ಚು ಮಾರುತ್ತವೆ.

ಬೆಂಗಳೂರಿನ ಸಿಂಕ್ 30ರ ರಾತ್ರಿ ನಡೆದು, ಮತ್ತೆ ನಡೆಯುವುದು ನವೆಂಬರ್ 4ರ ಸೋಮವಾರ ರಾತ್ರಿ. ಪ್ರೋಗ್ರಾಂಗೆ ‘ಕಳೆದ 24 ಗಂಟೆಯ ಲೆಕ್ಕ ತಾ’ ಎಂದು ಹೇಳಿದ್ದರೆ ಅದು 3ರ ರಾತ್ರಿಯಿಂದ ಈಚೆಗಿನದನ್ನು ಮಾತ್ರ ತರುತ್ತದೆ. ಹಬ್ಬದ ನಾಲ್ಕು ದಿನಗಳ ಮಾರಾಟ ಬಿಟ್ಟುಹೋದರೂ ಸಿಂಕ್ ಯಶಸ್ವಿ ಎಂದೇ ದಾಖಲಾಗುತ್ತದೆ. ಆದ್ದರಿಂದ ಪ್ರತಿ ಸಿಂಕ್ ಹಿಂದಿನ ಬಾರಿ ಎಲ್ಲಿಯವರೆಗೆ ತಂದಿತ್ತು ಎಂಬುದನ್ನು ಗುರುತಿಟ್ಟು, ಅಲ್ಲಿಂದಲೇ ಮುಂದುವರಿಯಬೇಕು. ರಜೆಯಲ್ಲಿ ಬಿಡುವುದು ಓಟವನ್ನೇ ಹೊರತು ಲೆಕ್ಕವನ್ನಲ್ಲ. ಒಂದು ಓಟದ ಕೊನೆಯ ಕ್ಷಣಕ್ಕೂ ಮುಂದಿನದರ ಆರಂಭಕ್ಕೂ ನಡುವೆ ಸಂದಿಯಿದೆಯೇ ಎಂದು ನೋಡಿದರೆ ತಪ್ಪು ಒಂದೇ ನೋಟಕ್ಕೆ ಸಿಗುತ್ತದೆ.

ಅಕ್ಟೋಬರ್ 31 ತಿಂಗಳ ಕೊನೆಯ ದಿನವೂ ಆಗಿತ್ತು. ಅಂದಿನ ಬಿಲ್ಲುಗಳು ಬೆಂಗಳೂರಿಗೆ ತಲುಪುವುದು ನವೆಂಬರ್ 4ಕ್ಕೆ, ಸೇರಬೇಕಾದದ್ದು ಅಕ್ಟೋಬರ್ ಲೆಕ್ಕಕ್ಕೆ. ಬಂದ ತಾರೀಖಿನ ಬದಲು ಬಿಲ್ಲಿನ ತಾರೀಖನ್ನೇ ಹಿಡಿದರೆ ಇದು ಸರಿಹೋಗುತ್ತದೆ. ಆದರೆ ಲೆಕ್ಕ ಮುಚ್ಚುವ ದಿನದ ಪ್ರಶ್ನೆ ಹಾಗೆ ಬಗೆಹರಿಯದು. ‘ಹೊಸ ತಿಂಗಳ ಎರಡನೆಯ ಕೆಲಸದ ದಿನ ಸಂಜೆ ಹಳೆಯ ತಿಂಗಳಿಗೆ ಬೀಗ’ ಎಂಬ ನಿಯಮವಿದೆ ಎನ್ನೋಣ. ಶನಿವಾರವೂ ಕೆಲಸವಿರುವ ಕೊಚ್ಚಿಯಲ್ಲಿ ಆ ದಿನ ನವೆಂಬರ್ 2, ಬೆಂಗಳೂರಿನಲ್ಲಿ 5. ಕೊಚ್ಚಿಯ ಕ್ಯಾಲೆಂಡರ್ ಹಿಡಿದು ಇಡೀ ಸಂಸ್ಥೆಯ ಲೆಕ್ಕಕ್ಕೆ ಬೀಗ ಹಾಕಿದರೆ ಬೆಂಗಳೂರಿನ ದೀಪಾವಳಿ ಮಾರಾಟ ಹೊರಗುಳಿಯುತ್ತದೆ. ಶಾಖೆಗಳು ತಮ್ಮ ತಮ್ಮ ಕ್ಯಾಲೆಂಡರಿನಂತೆ ಲೆಕ್ಕ ಕಳಿಸಲಿ; ಬೀಗಕ್ಕೆ ಮಾತ್ರ ಎಲ್ಲ ಊರುಗಳಿಗೂ ಕೆಲಸವಿರುವ ದಿನಗಳನ್ನೇ ಎಣಿಸುವುದು ಸುರಕ್ಷಿತ.

ತಿಂಗಳ ಕೊನೆಯನ್ನು ಗಡಿಯಾರಕ್ಕೆ ಹೇಳುವುದರಲ್ಲೂ ಒಂದು ಬಲೆಯಿದೆ. ಲಿನಕ್ಸ್ ಯಂತ್ರಗಳಲ್ಲಿ ಸಾಮಾನ್ಯವಾದ ಕ್ರಾನ್ ಎಂಬ ಗಡಿಯಾರಕ್ಕೆ ಹೀಗೆ ಬರೆಯುವವರಿದ್ದಾರೆ:

```
0 21 28-31 * 1-5
```

28ರಿಂದ 31ರೊಳಗೆ ಬರುವ ಸೋಮವಾರದಿಂದ ಶುಕ್ರವಾರದವರೆಗಿನ ದಿನಗಳು ಎಂಬುದು ಬರೆದವರ ಉದ್ದೇಶ. ಕ್ರಾನ್ ಮಾತ್ರ ಇದನ್ನು 28–31 ಅಥವಾ ಸೋಮ–ಶುಕ್ರ ಎಂದು ಓದುತ್ತದೆ; ಹಾಗಾಗಿ ತಿಂಗಳಿಡೀ ವಾರಕ್ಕೆ ಐದು ದಿನವೂ ಮಾಸಾಂತ್ಯದ ಕೆಲಸ ಓಡುತ್ತದೆ. ದಿನವೂ ಎಬ್ಬಿಸಿ, ಇವತ್ತು ಕೊನೆಯ ಕೆಲಸದ ದಿನವೇ ಎಂಬ ತೀರ್ಮಾನವನ್ನು ಕ್ಯಾಲೆಂಡರಿಗೆ ಬಿಡುವುದೇ ಮೇಲು.

ಪಟ್ಟಿ ಮಾಡುವಾಗ ರಾಜ್ಯದ ಹೆಸರೊಂದೇ ಸಾಲದು. ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿಗೆ ರಜೆ ಕೊಡಗಿಗೆ ಮಾತ್ರ. ಮಡಿಕೇರಿ ಶಾಖೆ ಮುಚ್ಚಿದ ದಿನ ಮೈಸೂರಿನದು ತೆರೆದಿರುತ್ತದೆ. ಬ್ಯಾಂಕಿನ ಕ್ಯಾಲೆಂಡರ್ ಮತ್ತೂ ಬೇರೆ: 2015ರ ಸೆಪ್ಟೆಂಬರಿನಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕುಗಳಿಗೆ ರಜೆ, ಉಳಿದ ಶನಿವಾರ ಕೆಲಸ. ಹಾಗೆಂದು ಹಣದ ಓಡಾಟ ನಿಲ್ಲುವುದಿಲ್ಲ, ನೆಫ್ಟ್ 2019ರ ಡಿಸೆಂಬರಿನಿಂದ ರಜಾದಿನಗಳಲ್ಲೂ ನಡೆಯುತ್ತಿದೆ. ಚಂದ್ರದರ್ಶನಕ್ಕೆ ಕಾಯುವ ರಂಜಾನ್ ರಜೆ ಹಿಂದಿನ ಸಂಜೆಯೂ ಬದಲಾಗಬಹುದು. ಹೀಗಾಗಿ ಪಟ್ಟಿ ಪ್ರೋಗ್ರಾಂ ಒಳಗೆ ಹುದುಗಿರದೆ, ಲೆಕ್ಕ ವಿಭಾಗದವರೇ ತಿದ್ದಬಹುದಾದ ಕಡೆ ಇರಬೇಕು.

ಎಲ್ಲಕ್ಕಿಂತ ಹೆಚ್ಚು ಕಣ್ತಪ್ಪುವುದು ವರ್ಷದ ಬದಲಾವಣೆ. ಹೊಸ ವರ್ಷದ ರಜೆಗಳನ್ನು ಯಾರೂ ತುಂಬದಿದ್ದರೆ ಕ್ಯಾಲೆಂಡರಿಗೆ ಜನವರಿಯಿಂದ ಎಲ್ಲವೂ ಕೆಲಸದ ದಿನವೇ, ಮೊದಲ ಪೆಟ್ಟು ಸಂಕ್ರಾಂತಿಗೆ. ಮುಂದಿನ ವರ್ಷದ ಪಟ್ಟಿ ಡಿಸೆಂಬರ್ ನಡುವಿನಲ್ಲೂ ಖಾಲಿಯಿದ್ದರೆ ಎಚ್ಚರಿಕೆ ಕೊಡದ ಕ್ಯಾಲೆಂಡರನ್ನು ನಂಬುವಂತಿಲ್ಲ.