ಒಂದೇ ಎತ್ತರ, ಬೇರೆ ಬೇರೆ ಕಾಲು

2012ರ ಸೆಪ್ಟೆಂಬರ್ 3ರಂದು ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ ಕೊಡಗಿನ ನೆರೆಯ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ್ 1.74 ಮೀಟರ್ ಹಾರಿದರು. ಫಿಜಿ ದೇಶದ ಇಲಿಯೆಸಾ ಡೆಲಾನಾ ಹಾರಿದ್ದೂ ಅಷ್ಟೇ, ಪೋಲೆಂಡಿನ ಮೂರನೆಯವರು ಹಾರಿದ್ದೂ ಅಷ್ಟೇ. ಎತ್ತರ ಸಮವಾದಾಗ ಯಾರು ಕೋಲನ್ನು ಕಡಿಮೆ ಸಲ ಕೆಡವಿದ್ದಾರೆಂದು ನೋಡುವುದು ಈ ಆಟದ ನಿಯಮ. ಆ ಲೆಕ್ಕದಲ್ಲಿ ಡೆಲಾನಾಗೆ ಚಿನ್ನ, ಗಿರೀಶ್‌ಗೆ ಬೆಳ್ಳಿ. ಆ ಕೂಟದಲ್ಲಿ ಭಾರತಕ್ಕೆ ದಕ್ಕಿದ ಏಕೈಕ ಪದಕ ಅದು.

ಆದರೆ ನೋಡಿದವರಿಗೆ ಒಂದು ಪ್ರಶ್ನೆ ಏಳದೆ ಇರದು. ಗಿರೀಶ್‌ಗೆ ಹುಟ್ಟಿನಿಂದ ಒಂದು ಕಾಲಿನಲ್ಲಿ ನ್ಯೂನತೆ. ಆದರೂ ಅವರು ಎರಡೂ ಕಾಲೂರಿ ಓಡಿಬಂದು ಜಿಗಿಯುತ್ತಾರೆ. ಬಾಲ್ಯದಲ್ಲೇ ಕಾಲು ಕಳೆದುಕೊಂಡ ಡೆಲಾನಾ ಉಳಿದ ಒಂದೇ ಕಾಲಿನಲ್ಲಿ ಕುಪ್ಪಳಿಸುತ್ತ ಬಂದು ಹಾರುತ್ತಾರೆ. ಇವರಿಬ್ಬರನ್ನು ಒಂದೇ ಸ್ಪರ್ಧೆಗೆ ಇಳಿಸುವುದು ನ್ಯಾಯವೇ?

ಕುಸ್ತಿಯಲ್ಲಿ ಪೈಲ್ವಾನರನ್ನು ತೂಕ ನೋಡಿ ಜೋಡಿ ಮಾಡುವಂತೆ ಇಲ್ಲೂ ವರ್ಗಗಳಿವೆ. ಆದರೆ ಅಳೆಯುವುದು ಕಾಯಿಲೆಯ ಹೆಸರನ್ನಲ್ಲ. ಆ ನ್ಯೂನತೆ ಆಯಾ ಆಟಕ್ಕೆ ಎಷ್ಟು ಅಡ್ಡಿಯಾಗುತ್ತದೆ ಎಂಬುದನ್ನು. ಇಬ್ಬರೂ ಸ್ಪರ್ಧಿಸಿದ್ದು ಎಫ್-42 ಎಂಬ ವರ್ಗದಲ್ಲಿ. ಮೊಣಕಾಲಿನಿಂದ ಮೇಲಕ್ಕೆ ಒಂದು ಕಾಲನ್ನು ಕಳೆದುಕೊಂಡವರಿಗೂ, ಕಾಲಿದ್ದೂ ಸೊಂಟ ಹಾಗೂ ಮಂಡಿಯ ಶಕ್ತಿ ಅಷ್ಟೇ ಪ್ರಮಾಣದಲ್ಲಿ ಕುಂದಿದವರಿಗೂ ಅದೇ ವರ್ಗ. ಪೋಲಿಯೊ ಆಗಿರಲಿ, ಅಪಘಾತವಾಗಿರಲಿ, ಕಾರಣ ಮುಖ್ಯವಲ್ಲ.

ಈ ಅಳತೆ ನಡೆಯುವುದು ಹೀಗೆ. ಒಬ್ಬರು ವೈದ್ಯರೋ ಅಂಗಮರ್ದನ ಚಿಕಿತ್ಸಕರೋ, ಇನ್ನೊಬ್ಬರು ಆಟದ ಒಳಹೊರಗು ಬಲ್ಲವರು: ಇಂಥವರ ತಂಡ ಮೊದಲು ಕ್ರೀಡಾಪಟುವಿನ ವೈದ್ಯಕೀಯ ದಾಖಲೆ ನೋಡುತ್ತದೆ. ಬಳಿಕ ಮೇಜಿನ ಮೇಲೆ ಮಲಗಿಸಿ, ಕೂರಿಸಿ ಪರೀಕ್ಷೆ. ಒಂದೊಂದು ಸ್ನಾಯುವಿಗೂ ಸೊನ್ನೆಯಿಂದ ಐದರವರೆಗೆ ಅಂಕ. ಮಿಸುಕಾಡದ ಸ್ನಾಯುವಿಗೆ ಸೊನ್ನೆ, ಅಂಗವನ್ನು ನೆಲದ ಸೆಳೆತಕ್ಕೆ ಎದುರಾಗಿ ಎತ್ತಿದರೆ ಮೂರು, ಪೂರ್ಣ ಬಲಕ್ಕೆ ಐದು. ಕನಿಷ್ಠ ಮಿತಿಯೂ ಉಂಟು: ಕಾಲುಗಳ ಉದ್ದದಲ್ಲಿ ವ್ಯತ್ಯಾಸವಿದ್ದರೆ ಅದು 7 ಸೆಂಟಿಮೀಟರಿಗೆ ಕಡಿಮೆ ಇರಬಾರದು. ಅದಕ್ಕಿಂತ ಕಡಿಮೆ ಇದ್ದವರು ಬದುಕಿನಲ್ಲಿ ಕುಂಟಿ ನಡೆಯುತ್ತಿದ್ದರೂ, ಅಷ್ಟರ ಆಧಾರದ ಮೇಲೆ ಈ ಕಣಕ್ಕೆ ಇಳಿಯುವಂತಿಲ್ಲ. ಮೇಜಿನ ಪರೀಕ್ಷೆ ಮುಗಿದ ಮೇಲೆ ಓಡಿಸಿ, ಎಸೆಸಿ ನೋಡುತ್ತಾರೆ. ಅಗತ್ಯವೆನಿಸಿದರೆ ನಿಜವಾದ ಸ್ಪರ್ಧೆಯಲ್ಲೂ ಗಮನಿಸುತ್ತಾರೆ. ಪರೀಕ್ಷೆಯಲ್ಲಿ ಬಿಗಿಯದ ಸ್ನಾಯು ಕಣದಲ್ಲಿ ಬಿಗಿದರೆ ಅಲ್ಲಿ ತಿಳಿದುಬಿಡುತ್ತದೆ. ಅಭ್ಯಾಸದಿಂದ ಗಳಿಸಿದ ಕೌಶಲವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಇಲ್ಲವಾದರೆ ಬೆವರು ಸುರಿಸಿದವನಿಗೇ ದಂಡ ಹಾಕಿದಂತಾದೀತು.

ಅಳತೆ ಕೈಕೊಟ್ಟರೆ ಏನಾದೀತು? ಟೋಕಿಯೊದ ಕೂಟದಲ್ಲಿ, 2021ರ ಆಗಸ್ಟ್‌ನಲ್ಲಿ, ಭಾರತದ ವಿನೋದ್ ಕುಮಾರ್ ಎಫ್-52 ವರ್ಗದ ಡಿಸ್ಕಸ್ ಎಸೆತದಲ್ಲಿ 19.91 ಮೀಟರ್ ಎಸೆದು ಮೂರನೆಯವರಾದರು. ಕಾಲು, ಮುಂಡಗಳ ಜೊತೆಗೆ ಕೈಯ ಬಲವೂ ಕುಂದಿರುವವರು ಕುಳಿತು ಎಸೆಯುವ ವರ್ಗ ಅದು. ಸ್ಪರ್ಧೆಗೆ ಮುನ್ನ ಅವರಿಗೆ ಆ ವರ್ಗ ದೊರೆತಿತ್ತು. ಆದರೆ ಎದುರಾಳಿಗಳು ಆಕ್ಷೇಪವೆತ್ತಿದರು, ಫಲಿತಾಂಶವನ್ನು ತಡೆಹಿಡಿಯಲಾಯಿತು. ಮರುದಿನ ಮತ್ತೆ ಪರೀಕ್ಷಿಸಿದ ತಂಡಕ್ಕೆ ಅವರಿಗೆ ವರ್ಗವನ್ನು ಗೊತ್ತುಮಾಡಲು ಆಗಲಿಲ್ಲ. ಪದಕ 19.54 ಮೀಟರ್ ಎಸೆದಿದ್ದ ಲಾಟ್ವಿಯಾದ ಐಗಾರ್ಸ್ ಆಪಿನಿಸ್‌ಗೆ ಹೋಯಿತು.

ಎಷ್ಟು ಅಳೆದರೂ ವರ್ಗದೊಳಗೆ ಸ್ವಲ್ಪ ಏರುಪೇರು ಉಳಿಯುತ್ತದೆ. ಗೆರೆಗೆ ತಾಗಿಕೊಂಡು ಒಳಬಂದವನಿಗೆ ಅನುಕೂಲ, ಆ ವರ್ಗದ ಅತಿ ಹೆಚ್ಚಿನ ನ್ಯೂನತೆಯವನಿಗೆ ಕಷ್ಟ. ಅದನ್ನು ತಗ್ಗಿಸಲೆಂದೇ 2018ರಿಂದ ಹಳೆಯ 42ನೆಯ ವರ್ಗವನ್ನು ಒಡೆದು, ಕೃತಕ ಕಾಲು ಧರಿಸಿ ಸ್ಪರ್ಧಿಸುವವರಿಗೆ 63 ಎಂಬ ಬೇರೆ ಸಂಖ್ಯೆ ಕೊಟ್ಟರು. ಹಾಗೆಂದು ಗೆರೆಗಳನ್ನು ಎಳೆಯುತ್ತಲೇ ಹೋದರೆ ಒಂದೊಂದು ವರ್ಗದಲ್ಲಿ ಮೂರು ನಾಲ್ಕು ಮಂದಿಯಷ್ಟೇ ಉಳಿದಾರು. ಆಗ ಸ್ಪರ್ಧೆಗೆ ಅರ್ಥವಿರದು. 2024ರ ಪ್ಯಾರಿಸ್ ಕೂಟದಲ್ಲಿ ಎತ್ತರ ಜಿಗಿತಕ್ಕೆ ಈ ಎರಡೂ ವರ್ಗಗಳು ಒಟ್ಟಿಗೇ ಇಳಿದವು. ಕೃತಕ ಕಾಲಿನ ಅಮೆರಿಕದ ಎಜ್ರಾ ಫ್ರೆಚ್ 1.94 ಮೀಟರ್ ಹಾರಿ ಗೆದ್ದರೆ, 42ನೆಯ ವರ್ಗದ ಭಾರತೀಯ ಶರದ್ ಕುಮಾರ್ 1.88 ಮೀಟರ್ ಹಾರಿ ಎರಡನೆಯವರಾದರು. ಕಾಗದದ ಮೇಲೆ ಬೇರಾದ ಇಬ್ಬರೂ ಕಣದಲ್ಲಿ ಮತ್ತೆ ಒಂದೇ ಕೋಲಿನ ಮುಂದೆ ನಿಂತಿದ್ದರು.