ಕೂದಲು ಕಪ್ಪಾಗಲಿ, ಟೋಪಿಯಂತೆ ಕಾಣದಿರಲಿ



ರಾಜ್ಯೋತ್ಸವ ಹತ್ತಿರ ಬಂದಾಗ ಪುಣೆಯ ಕನ್ನಡ ಮನೆಗಳಲ್ಲಿ ಎರಡು ಕೆಲಸಗಳು ತಪ್ಪದೆ ನಡೆಯುತ್ತವೆ. ಬೀರುವಿನಿಂದ ರೇಷ್ಮೆ ಸೀರೆ ಹೊರಗೆ ಬರುತ್ತದೆ, ಬಚ್ಚಲುಮನೆಯಲ್ಲಿ ಡೈ ಕಲಸುವುದು ಶುರುವಾಗುತ್ತದೆ. ಮರುದಿನ ಸಮಾರಂಭದ ಫೋಟೋ ನೋಡಿದರೆ ಸೀರೆ ಚೆನ್ನ, ಮುಖವೂ ಚೆನ್ನ, ತಲೆ ಮಾತ್ರ ಬೂಟ್ ಪಾಲಿಶ್ ಹಚ್ಚಿದ ಹಾಗೆ! ನರೆ ಮುಚ್ಚಿದ್ದೇನೋ ನಿಜ, ಆದರೆ ಬಣ್ಣ ಹಚ್ಚಿದ್ದಾರೆ ಎಂಬುದು ಹಿಂದಿನ ಸಾಲಿನವರಿಗೂ ಗೊತ್ತಾಗುತ್ತದೆ. ಹೀಗೇಕೆ ಆಗುತ್ತದೆ, ಆಗದಂತೆ ಮನೆಯಲ್ಲೇ ಏನು ಮಾಡಬಹುದು ಎಂಬುದನ್ನು ಈ ಸಲ ನೋಡೋಣ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಇನ್ನೂ ನರೆ ಬರದ ಮಗಳನ್ನೋ ಸೊಸೆಯನ್ನೋ ಬಾಲ್ಕನಿಯ ಬಿಸಿಲಿಗೆ ಕರೆದು ಅವಳ ಜಡೆಯನ್ನು ಹತ್ತಿರದಿಂದ ನೋಡಿ. ನಾವು "ಕಪ್ಪು" ಎನ್ನುವ ಕೂದಲು ನಿಜಕ್ಕೂ ಗಾಢವಾದ ಕಂದು. ಬೈತಲೆಯ ಹತ್ತಿರ, ಅಂದರೆ ಬೇರಿನಲ್ಲಿ, ಅದು ಎಲ್ಲಕ್ಕಿಂತ ಕಪ್ಪು. ಕೆಳಗೆ ಹೋದಂತೆ ಸ್ವಲ್ಪ ಸ್ವಲ್ಪ ತಿಳಿಯಾಗುತ್ತದೆ, ತುದಿಯಲ್ಲಿ ಕೆಂಪಿನ ಛಾಯೆ ಕಾಣುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. 30 ಸೆಂಟಿಮೀಟರ್ ಉದ್ದದ ಕೂದಲಿನ ತುದಿ ಎರಡೂವರೆ ವರ್ಷ ಬಿಸಿಲು, ಸೋಪು, ಬಾಚಣಿಗೆ ಎಲ್ಲವನ್ನೂ ಕಂಡಿರುತ್ತದೆ. ಅದಕ್ಕೇ ತುದಿ ತಿಳಿ, ಬೇರು ಗಾಢ.

ಡೈ ಹಚ್ಚುವಾಗ ನಾವು ಇದನ್ನು ತಲೆಕೆಳಗು ಮಾಡುತ್ತೇವೆ. ಪ್ರತಿ ತಿಂಗಳೂ ಬೇರಿನಿಂದ ತುದಿಯವರೆಗೆ ಬಳಿಯುತ್ತೇವೆ. ಹೊಸದಾಗಿ ಬೆಳೆದ ಬೇರಿಗೆ ಒಂದೇ ಕೋಟ್ ಸಿಕ್ಕರೆ, ತುದಿಗೆ ಇಪ್ಪತ್ತು ಕೋಟ್ ಆಗಿರುತ್ತದೆ. ತುದಿ ಮಸಿಯಂತಾಗಿ, ಬೇರು ಅದಕ್ಕಿಂತ ತಿಳಿಯಾಗಿ ಉಳಿಯುತ್ತದೆ. ಜೊತೆಗೆ ಪೆಟ್ಟಿಗೆಯಲ್ಲಿ ಬರುವ ಡೈ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿ ಹಚ್ಚುವಂಥದ್ದು. ಅದು ನಿಮ್ಮ ಸ್ವಂತ ಕಪ್ಪನ್ನೂ ಸ್ವಲ್ಪ ತೆಗೆದು, ಬಿಳಿ ಕೂದಲು, ಕರಿ ಕೂದಲು ಎರಡನ್ನೂ ಒಂದೇ ಬಣ್ಣಕ್ಕೆ ತರುತ್ತದೆ. ಫ್ರಾನ್ಸಿನ ಯೂಜೀನ್ ಶುಯೆಲ್ಲರ್ 1907ರಲ್ಲಿ ಕೂದಲಿನ ಬಣ್ಣ ತಯಾರಿಸಿ, 1909ರಲ್ಲಿ ಮುಂದೆ ಲೋರಿಯಲ್ ಎಂದು ಹೆಸರಾದ ಕಂಪನಿ ಶುರುಮಾಡಿದಂದಿನಿಂದ ಈ ಬಗೆಯ ಬಣ್ಣಗಳು ಬಹಳ ಸುಧಾರಿಸಿವೆ. ಆದರೂ ಇಡೀ ತಲೆಗೆ ಒಂದೇ ಕಪ್ಪು ಬಳಿದರೆ ಯಾವ ಕಂಪನಿಯದಾದರೂ ಟೋಪಿ ಹಾಕಿದಂತೆಯೇ ಕಾಣುತ್ತದೆ.

ಹಾಗಾದರೆ ದಾರಿ ಏನು? ನಾನು ನೋಡಿದ್ದರಲ್ಲಿ ಚೆನ್ನಾಗಿ ಒಪ್ಪುವುದು ಮದರಂಗಿ ಮತ್ತು ನೀಲಿ ಎಲೆಯ ಪುಡಿ, ಒಂದರ ಮೇಲೊಂದು. ಇವು ಕೂದಲಿನ ಸ್ವಂತ ಬಣ್ಣವನ್ನು ತೆಗೆಯುವುದಿಲ್ಲ, ಮೇಲಿನಿಂದ ತೆಳ್ಳಗೆ ಬಣ್ಣ ಏರಿಸುತ್ತವೆ. ಕರಿ ಕೂದಲು ಕರಿಯಾಗಿಯೇ ಉಳಿದು, ಬಿಳಿ ಕೂದಲು ಕಂದುಗಪ್ಪಾಗುತ್ತದೆ. ಎರಡೂ ಬೆರೆತು ಕಾಣುವುದರಿಂದ ಛಾಯೆಗಳು ಉಳಿಯುತ್ತವೆ. ಮದರಂಗಿ ಒಂದೇ ಹಚ್ಚಿದರೆ ಬಿಳಿ ಕೂದಲು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದರ ಮೇಲೆ ನೀಲಿ ಬಿದ್ದಾಗಲೇ ಕಪ್ಪಿನ ಕಡೆಗೆ ಹೋಗುತ್ತದೆ.

ಪುಡಿ ಕೊಳ್ಳುವಾಗಲೇ ಎಚ್ಚರ ಬೇಕು. ಪೇಟೆಯ ಕಡೆಯ ಕಾಷ್ಠೌಷಧಿ ಅಂಗಡಿಗಳಲ್ಲಿ, ಅಂದರೆ ನಮ್ಮ ಕಡೆಯ ಗ್ರಂಥಿಗೆ ಅಂಗಡಿಯಂಥಲ್ಲಿ, ಮೆಹೆಂದಿ ಪುಡಿ, ಇಂಡಿಗೋ ಪುಡಿ ಎಂದು ಬೇರೆ ಬೇರೆಯಾಗಿ ಕೇಳಿ. "ಕಾಳಿ ಮೆಹೆಂದಿ" ಎಂಬ ಪೊಟ್ಟಣ ಬೇಡ. ಮದರಂಗಿ ತಾನಾಗಿ ಎಂದೂ ಕಪ್ಪಾಗುವುದಿಲ್ಲ. ಅರ್ಧ ಗಂಟೆಯಲ್ಲಿ ಕಪ್ಪು ಮಾಡುವ ಮೆಹೆಂದಿಯಲ್ಲಿ ಸಾಮಾನ್ಯವಾಗಿ ಪ್ಯಾರಾ ಫಿನೈಲೀನ್ ಡೈಅಮೀನ್ ಎಂಬ ರಾಸಾಯನಿಕ ಇರುತ್ತದೆ. ಪೆಟ್ಟಿಗೆಯ ಕಪ್ಪು ಡೈಗಳಲ್ಲೂ ಇರುವುದು ಹೆಚ್ಚಾಗಿ ಇದೇ. ಕೆಲವರಿಗೆ ಇದರಿಂದ ತುರಿಕೆ ಎದ್ದು, ಹಣೆ, ಕಣ್ಣು ಊದಿಕೊಳ್ಳುತ್ತವೆ. ವರ್ಷಗಟ್ಟಲೆ ಹಚ್ಚಿ ಏನೂ ಆಗದವರಿಗೂ ಒಂದು ದಿನ ಇದ್ದಕ್ಕಿದ್ದಂತೆ ಶುರುವಾಗಬಹುದು.

ನಮ್ಮ ಅತ್ತಿಗೆಗೆ ಆದದ್ದೂ ಅದೇ. ಕೋಥ್ರೂಡಿನಲ್ಲಿ ಇರುವ ಅವರಿಗೆ ಈಗ 54. ಹತ್ತು ವರ್ಷ ಡೈ ಹಚ್ಚಿದ ಮೇಲೆ ಒಂದು ಸಲ ಕಿವಿಯ ಹಿಂದೆ ಗುಳ್ಳೆ ಎದ್ದು ಎಡಗಣ್ಣು ಮುಚ್ಚಿಹೋಗುವಷ್ಟು ಊದಿತು. ಇನ್ನು ಈ ಡೈ ಮುಟ್ಟಬೇಡಿ ಎಂದರು ಚರ್ಮದ ಡಾಕ್ಟರು. ಅತ್ತಿಗೆ ಸುಮ್ಮನಿದ್ದು, ಕೊನೆಗೆ ಅಂದರು: "ಬಿಳಿ ತಲೆಗೆ ನನಗೆ ನಾಚಿಕೆಯಿಲ್ಲ. ಆದರೆ ಕನ್ನಡಿಯಲ್ಲಿ ನಮ್ಮಮ್ಮ ಕಾಣ್ತಾಳೆ, ನಾನು ಕಾಣೋದಿಲ್ಲ." ಆಮೇಲೆ ನಾವಿಬ್ಬರೂ ಸೇರಿ ಮಾಡಿದ ಕ್ರಮವನ್ನೇ ಇಲ್ಲಿ ಹೇಳುತ್ತಿದ್ದೇನೆ.

ಅವರ ನರೆ ಎಲ್ಲ ಕಡೆ ಒಂದೇ ಸಮ ಇರಲಿಲ್ಲ. ಬೈತಲೆಯ ಮೇಲೆ ಮತ್ತು ಎರಡೂ ಕಿವಿಗಳ ಮುಂದೆ ದಟ್ಟ, ಹಿಂತಲೆಯಲ್ಲಿ ಎಲ್ಲೋ ನಾಲ್ಕಾರು ಎಳೆ. ಬಹಳ ಜನರಿಗೆ ಹೀಗೇ ಇರುತ್ತದೆ. ನೀವೂ ಮೊದಲು ಎರಡು ಕನ್ನಡಿ ಹಿಡಿದು ಎಲ್ಲಿ ಎಷ್ಟಿದೆ ಎಂದು ನೋಡಿಕೊಳ್ಳಿ. ಬಣ್ಣ ಬೇಕಾದದ್ದು ಅಲ್ಲಿಗೆ ಮಾತ್ರ.

ತಲೆಗೆ ಹಚ್ಚುವ ಮೊದಲು ಎರಡು ಪರೀಕ್ಷೆಗಳಿವೆ. ಮೊಣಕೈಯ ಒಳಭಾಗದಲ್ಲಿ ಎರಡೂ ಪುಡಿಗಳ ಚಿಟಿಕೆ ಲೇಪವನ್ನು ಬೇರೆ ಬೇರೆಯಾಗಿ ಹಚ್ಚಿ, ಒಣಗಿದ ಮೇಲೆ ತೊಳೆದು, ಎರಡು ದಿನ ಕಾಯಿರಿ. ತುರಿಕೆ, ಕೆಂಪು ಕಂಡರೆ ಅಲ್ಲಿಗೇ ಬಿಡಿ. ಜಿ6ಪಿಡಿ ಕೊರತೆ ಇದೆ ಎಂದು ಡಾಕ್ಟರು ಹೇಳಿರುವವರಿಗೆ ಮದರಂಗಿಯೇ ಬೇಡ, ಅವರ ರಕ್ತಕ್ಕೆ ಅದು ಅಪಾಯ. ಎರಡನೆಯದು, ಬಾಚಣಿಗೆಯಲ್ಲಿ ಬಂದ ಬಿಳಿ ಕೂದಲನ್ನು ಕೂಡಿಟ್ಟು ದಾರದಿಂದ ಕಟ್ಟಿ, ಅದರ ಮೇಲೆ ಇಡೀ ಪ್ರಯೋಗ ಮಾಡಿ ನೋಡುವುದು. ಹಿಂದೆ ಡೈ ಹಚ್ಚಿದ ಕೂದಲಿದ್ದರೆ ಅದರ ಒಂದು ತುಂಡನ್ನೂ ಕತ್ತರಿಸಿ ಪರೀಕ್ಷಿಸಿ.

ಇನ್ನು ಕ್ರಮಕ್ಕೆ ಬರೋಣ. ಬೇರಿಗೆ ಮಾತ್ರ ಹಚ್ಚಲು 50 ಗ್ರಾಂ ಮದರಂಗಿ, 50 ಗ್ರಾಂ ನೀಲಿ ಪುಡಿ ಸಾಕು. ಶನಿವಾರ ರಾತ್ರಿ ಮದರಂಗಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಗಟ್ಟಿ ಮೊಸರಿನ ಹದಕ್ಕೆ ಕಲಸಿ ಮುಚ್ಚಿಡಿ. ಬೆಳಿಗ್ಗೆ ಚೂರು ಅಂಗೈಗೆ ಹಚ್ಚಿ ನೋಡಿದರೆ ಕಿತ್ತಳೆ ಕಲೆ ಬೀಳಬೇಕು. ಭಾನುವಾರ ತಲೆಯನ್ನು ಶಾಂಪೂ ಹಾಕಿ ತೊಳೆದು, ಒರೆಸಿ. ಇಲ್ಲಿ ನಮ್ಮವರು ತಪ್ಪುವುದು ಕೊಬ್ಬರಿ ಎಣ್ಣೆಯ ವಿಷಯದಲ್ಲಿ. ಎಣ್ಣೆ ತಲೆಗೆ ಬಣ್ಣ ಹಿಡಿಯುವುದಿಲ್ಲ. ಎಣ್ಣೆ ಬೇಕಾದದ್ದು ಹಣೆ ಮತ್ತು ಕಿವಿಯ ಚರ್ಮಕ್ಕೆ, ಕಲೆಯಾಗದಂತೆ. ಹೊಸದಾಗಿ ಬೆಳೆದ ಬಿಳಿ ಬೇರುಗಳಿಗೆ ಬ್ರಶ್ಶಿನಿಂದ ಮದರಂಗಿ ಹಚ್ಚಿ, ಎರಡು ಗಂಟೆ ಬಿಟ್ಟು, ಬರೀ ನೀರಿನಲ್ಲಿ ತೊಳೆಯಿರಿ. ಈಗ ಕಿತ್ತಳೆ ತಲೆ ನೋಡಿ ಗಾಬರಿಯಾಗಬೇಡಿ.

ನೀಲಿ ಪುಡಿಯನ್ನು ಮಾತ್ರ ಮೊದಲೇ ಕಲಸಿಡಬಾರದು. ಕಾಲು ಚಮಚ ಉಪ್ಪು ಸೇರಿಸಿ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ, 15 ನಿಮಿಷ ಬಿಡಿ. ಹಸಿರು ಲೇಪದ ಮೇಲ್ಭಾಗದಲ್ಲಿ ನೀಲಿ ಛಾಯೆ ಕಂಡ ಕೂಡಲೇ ಹಚ್ಚಿ. ತಡಮಾಡಿದರೆ ಅದರ ಶಕ್ತಿ ಹೋಗುತ್ತದೆ.

ಬೇರಿಗೆ ಆಳ, ಅಂಚಿಗೆ ತಿಳಿ ಬಣ್ಣ ಬರುವುದು ಈ ಹಂತದಲ್ಲಿ. ಮೊದಲು ಬೈತಲೆ ಮತ್ತು ನೆತ್ತಿಯ ಬೇರಿಗೆ ಹಚ್ಚಿ ಅರ್ಧ ಗಂಟೆ ಕಾಯಿರಿ. ಆಮೇಲೆ ಹಣೆಯ ಅಂಚು ಮತ್ತು ಕಿವಿಯ ಮುಂದಿನ ಕೂದಲಿಗೆ ಹಚ್ಚಿ. ಇನ್ನರ್ಧ ಗಂಟೆ ಬಿಟ್ಟು ಎಲ್ಲವನ್ನೂ ಒಟ್ಟಿಗೆ ತೊಳೆಯಿರಿ. ನೆತ್ತಿಗೆ ಒಂದು ಗಂಟೆ ಸಿಕ್ಕಿ ಅದು ಕಪ್ಪಾಗುತ್ತದೆ, ಅಂಚಿಗೆ ಅರ್ಧ ಗಂಟೆ ಸಿಕ್ಕಿ ಕಂದಾಗುತ್ತದೆ. ಮುಖದ ಸುತ್ತ ಗಡಿಗೆರೆ ಎಳೆದಂತೆ ಕಾಣುವುದಿಲ್ಲ. ಬೇರಿನಿಂದ ಎರಡು ಬೆರಳು ಕೆಳಗೆ ಬ್ರಶ್ ಇಳಿಯಬಾರದು. ಕೆಳಗೆ ಉದ್ದಕ್ಕೂ ನರೆ ಇದ್ದರೆ ಮೊದಲ ಸಲ ಮಾತ್ರ ಪೂರ್ತಿ ಹಚ್ಚಿ. ಉದ್ದಕ್ಕೆ ತಕ್ಕಂತೆ ಆಗ ಪುಡಿ ದುಪ್ಪಟ್ಟಾದರೂ ಬೇಕು. ಮುಂದಿನ ಸಲದಿಂದ ಬೇರು ಮಾತ್ರ. ಹಿಂತಲೆಯ ನಾಲ್ಕಾರು ಬಿಳಿ ಎಳೆಗಳನ್ನು ಹಾಗೇ ಬಿಡಿ. ನಮ್ಮ ವಯಸ್ಸಿನ ತಲೆಯಲ್ಲಿ ಒಂದೂ ಬಿಳಿ ಎಳೆ ಇಲ್ಲದಿದ್ದರೇ ನೋಡುವವರಿಗೆ ಅನುಮಾನ.

ತೊಳೆದ ಮೇಲೆ ಎರಡು ದಿನ ಶಾಂಪೂ ಬೇಡ. ನೀಲಿ ಗಾಳಿಗೆ ಮಾಗಿ ಕಪ್ಪಾಗಲು ಅಷ್ಟು ಸಮಯ ಬೇಕು. ಬೇಸಿಗೆಯಲ್ಲಿ ಬೋರ್‌ವೆಲ್ ನೀರಿನ ಟ್ಯಾಂಕರ್ ಬರುವ ಸೊಸೈಟಿಯವರು ಕೊನೆಯ ತಂಬಿಗೆಗಾದರೂ ನಲ್ಲಿ ನೀರು ಹಿಡಿದಿಟ್ಟುಕೊಳ್ಳಿ. ಗಡಸು ನೀರಿನಿಂದ ಕೂದಲು ಮಂಕಾಗಿ ಕಾಣುತ್ತದೆ.

ಏನು ತಪ್ಪಬಹುದು? ಮೊದಲ ದಿನ ಹಸಿರು ಛಾಯೆ ಕಂಡರೆ ಅದು ಸಹಜ. ಮೂರು ದಿನದ ಮೇಲೂ ಹಸಿರಿದ್ದರೆ ಕೆಳಗಿನ ಮದರಂಗಿ ಸರಿಯಾಗಿ ಹಿಡಿದಿಲ್ಲ ಎಂದರ್ಥ, ಮತ್ತೆ ಮದರಂಗಿ ಹಚ್ಚಿದರೆ ಸರಿಹೋಗುತ್ತದೆ. ಬಿಳಿ ಕೂದಲು ಕಿತ್ತಳೆಯಾಗಿಯೇ ಉಳಿದರೆ ನೀಲಿ ಪುಡಿ ಹಳೆಯದು, ಅಥವಾ ನೀರು ತುಂಬಾ ಬಿಸಿಯಿತ್ತು. ನೀಲಿಗಪ್ಪಾಗಿ ಹೊಳೆದರೆ ನೀಲಿ ಹೆಚ್ಚಾಗಿದೆ, ಮುಂದಿನ ಸಲ ಕಾಲು ಗಂಟೆ ಕಡಿಮೆ ಮಾಡಿ. ಇದನ್ನೆಲ್ಲ ನೋಡಬೇಕಾದದ್ದು ಬಿಸಿಲಿನಲ್ಲಿ. ಟ್ಯೂಬ್‌ಲೈಟಿನ ಕೆಳಗೆ ಎಲ್ಲ ತಲೆಗಳೂ ಒಂದೇ.

ಇದಕ್ಕೆ ಮಿತಿಗಳೂ ಇವೆ. ಒಂದು ಭಾನುವಾರ ಪೂರ್ತಿ ಇದಕ್ಕೇ ಹೋಗುತ್ತದೆ. ನೀಲಿ ಮೊದಲು ಮಾಸುವುದರಿಂದ ನಾಲ್ಕೈದು ವಾರಕ್ಕೆ ಅಂಚಿನಲ್ಲಿ ಕೆಂಪು ಇಣುಕುತ್ತದೆ. ಆಮೇಲೆ ಪಾರ್ಲರಿನಲ್ಲಿ ಕೂದಲನ್ನು ತಿಳಿ ಮಾಡಿಸಲು ಹೋದರೆ ಹಸಿರಿಗೆ ತಿರುಗಬಹುದು, ಆದ್ದರಿಂದ ಅಲ್ಲಿಯವರಿಗೆ ನೀಲಿ ಹಚ್ಚಿದ ವಿಷಯ ಮೊದಲೇ ಹೇಳಿ. ಹಳೆಯ ಡೈಯಿಂದ ಮಸಿಯಾದ ತುದಿಗಳನ್ನು ಇದು ತಿಳಿ ಮಾಡಲಾರದು. ಅದಕ್ಕೆ ಕತ್ತರಿಯೇ ಮದ್ದು.

ಅತ್ತಿಗೆ ಮೂರು ತಿಂಗಳಿಗೊಮ್ಮೆ ಎರಡು ಅಂಗುಲ ತುದಿ ಕತ್ತರಿಸುತ್ತಾ ಒಂದು ವರ್ಷ ಕಾದರು. ಹೋದ ರಾಜ್ಯೋತ್ಸವದಲ್ಲಿ ಪಕ್ಕದಲ್ಲಿ ಕೂತಿದ್ದ ಗೆಳತಿ ಅವರನ್ನು ಕೇಳಿದರಂತೆ: "ಏನ್ರೀ, ಡೈ ಹಚ್ಚೋದು ಬಿಟ್ಟಮೇಲೂ ನಿಮಗೆ ನರೆ ಅಷ್ಟೊಂದು ಬಂದೇ ಇಲ್ವಲ್ಲ!" ಅತ್ತಿಗೆ ನಕ್ಕು ಸುಮ್ಮನಾದರಂತೆ.